ನಾಲ್ಕನೇ ನಿಮಿಷದ ಎತ್ತರ

ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ವಾಟ್ಸಾಪ್ ತುಂಬ ಗ್ರಾಫಿನ ಫೋಟೊಗಳು. ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರದ ಟ್ಯೂಷನ್ ಹೇಳುವವನ ಪಾಡು ಇದು. ಬಿಸಿಲಿನ ಝಳಕ್ಕೆ ಹೊಳೆಯುವ ಜೆರಾಕ್ಸ್ ಹಾಳೆ, ಅದರ ಮೇಲೆ ಫೋನ್ ಹಿಡಿದ ಕೈಯ ನೆರಳು. ಕೆಳಗೆ ಒಂದೇ ಸಾಲು: "ಸರ್, ಇದು ಹ್ಯಾಂಗ್ ಮಾಡಬೇಕ್ರಿ?"

ಮೊನ್ನೆ ಜೇವರ್ಗಿ ಕಡೆಯ ಹುಡುಗನೊಬ್ಬ ಕಳಿಸಿದ್ದನ್ನೇ ತಗೊಳ್ಳಿ. ಸಿಟಿ ಬಸ್ಸಿಗೆ ಕಾಯುವ ಸಮಯ, ನಿಮಿಷಗಳಲ್ಲಿ. ಸಂಚಿತ ವಿತರಣೆಯ ಗೆರೆ ಸೊನ್ನೆಯಿಂದ ಹೊರಟು 2ನೇ ನಿಮಿಷಕ್ಕೆ 0.2 ಎತ್ತರಕ್ಕೆ ಬರುತ್ತದೆ. ಅಲ್ಲಿಂದ ಕಡಿದಾಗಿ ಏರಿ 5ಕ್ಕೆ 0.8. ಆಮೇಲೆ ನಿಧಾನವಾಗಿ 9ಕ್ಕೆ 1. ಮೂರೂ ತುಂಡು ನೆಟ್ಟಗಿನ ಗೆರೆಗಳು. 1ರಿಂದ 4 ನಿಮಿಷದೊಳಗೆ ಬಸ್ ಬರುವ ಸಂಭವ ಎಷ್ಟು, ಡೆನ್ಸಿಟಿ ಯಾವುದು ಅಂತ ಪ್ರಶ್ನೆ.

"4ರ ಹತ್ರ ಎತ್ತರ 0.6 ಅದರೀ. ಅಂದ್ರ 4ನೇ ನಿಮಿಷಕ್ಕ ಬಸ್ ಬರೋ ಸಂಭವ 0.6 ಅಲ್ರೀ?"

ಅಲ್ಲ ತಮ್ಮಾ. ಇದನ್ನು ವರ್ಷಕ್ಕೆ ನೂರು ಸಲವಾದರೂ ಹೇಳುತ್ತೇನೆ. ಆ 0.6 ಬರೀ 4ನೇ ನಿಮಿಷದ್ದಲ್ಲ. ಶುರುವಿನಿಂದ 4ರವರೆಗೆ ಕೂಡುತ್ತಾ ಬಂದ ಮೊತ್ತ. ಆಟೋದ ಕಿಲೋಮೀಟರ್ ಮೀಟರ್ ಇದ್ದ ಹಾಗೆ: ಅದರಲ್ಲಿರುವ ಅಂಕಿ ಈ ಕ್ಷಣದ ವೇಗ ಹೇಳುವುದಿಲ್ಲ, ಇಲ್ಲಿವರೆಗೆ ಓಡಿದ್ದೆಷ್ಟು ಅಂತ ಹೇಳುತ್ತದೆ. ಸರಿಯಾಗಿ 4ನೇ ನಿಮಿಷಕ್ಕೇ ಬರುವ ಸಂಭವ ಸೊನ್ನೆ, ಯಾಕೆಂದರೆ ಅಲ್ಲಿ ಗೆರೆ ಒಮ್ಮೆಲೇ ಜಿಗಿದಿಲ್ಲ. ಎರಡು ಹೊತ್ತಿನ ನಡುವಿನ ಸಂಭವ ಬೇಕಾದರೆ ಎರಡು ಎತ್ತರ ಓದಿ ಕಳೆಯಬೇಕು. ಗೆರೆಯ ಎತ್ತರವನ್ನು F ಅನ್ನೋಣ:

F(4) − F(1) = 0.6 − 0.1 = 0.5

ಡೆನ್ಸಿಟಿ ಅಂದರೆ ಆ ಆಟೋದ ವೇಗ, ಅಂದರೆ ಗೆರೆಯ ಸ್ಲೋಪ್. ಮೊದಲ ತುಂಡಿನಲ್ಲಿ 0.2 ಏರಿಕೆ 2 ನಿಮಿಷಕ್ಕೆ, ಹಾಗಾಗಿ 0.1. ನಡುವಿನದು 3 ನಿಮಿಷಕ್ಕೆ 0.6, ಅಂದರೆ 0.2. ಕೊನೆಯದು 4 ನಿಮಿಷಕ್ಕೆ 0.2, ಅಂದರೆ 0.05. ಗೆರೆ ಎಲ್ಲಕ್ಕಿಂತ ಎತ್ತರದಲ್ಲಿರುವ ಕಡೆಯೇ ಡೆನ್ಸಿಟಿ ಎಲ್ಲಕ್ಕಿಂತ ಕಡಿಮೆ, ನೋಡಿದಿರಾ? ಹುಡುಗರು ಎಡವುವುದು ಇಲ್ಲೇ. 2 ಮತ್ತು 5ರ ಮೂಲೆಗಳಲ್ಲಿ ಸ್ಲೋಪ್ ಇಲ್ಲ. ಅಲ್ಲಿ ಏನು ಬರೆದರೂ ಉತ್ತರ ಬದಲಾಗುವುದಿಲ್ಲ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ಮಾತು: ಈ 0.2 ಒಂದು ನಿಮಿಷಕ್ಕೆ. ಗಂಟೆಯ ಲೆಕ್ಕದಲ್ಲಿ ಬರೆದರೆ ಅದೇ 12 ಆಗುತ್ತದೆ. ಡೆನ್ಸಿಟಿ ಒಂದನ್ನು ದಾಟಿದರೆ ಗಾಬರಿ ಬೇಡ, ಅದು ಸಂಭವ ಅಲ್ವಲ್ಲ.

ಇನ್ನು ಫೋಟೊ ವಿಷಯ. ಓರೆಯಾಗಿ ತೆಗೆದ ಫೋಟೊದಲ್ಲಿ ನೆಟ್ಟಗಿನ ಗೆರೆ ನೆಟ್ಟಗೇ ಕಾಣುತ್ತದೆ, ಆದರೆ ಸಮ ಅಂತರಗಳು ಸಮವಾಗಿ ಉಳಿಯುವುದಿಲ್ಲ. ದೂರದ ಚೌಕಗಳು ಚಿಕ್ಕದಾಗುತ್ತವೆ. ಈ ಹುಡುಗ ಫೋನಿನ ಮೇಲೆ ಸ್ಕೇಲ್ ಇಟ್ಟು ಮಿಲಿಮೀಟರ್ ಅಳೆದಿದ್ದ! ಸ್ಕೇಲ್ ಬಿಡಿ, ಗ್ರಾಫಿನ ಚೌಕಗಳನ್ನೇ ಎಣಿಸಿ. ಚೌಕ ಇಲ್ಲದಿದ್ದರೆ ಫೋಟೊ ಆ್ಯಪಿನಲ್ಲಿ ಗ್ರಾಫಿನ ನಾಲ್ಕು ಮೂಲೆ ಹಿಡಿದು ಆಯತ ಆಗುವವರೆಗೆ ಸರಿಪಡಿಸಿ. ದಪ್ಪ ಪುಸ್ತಕದ ಹಾಳೆ ಬಾಗಿದ್ದರೆ ಅದೂ ಕೆಲಸ ಮಾಡುವುದಿಲ್ಲ, ಹಾಳೆ ಒತ್ತಿ ಹಿಡಿದು ಮತ್ತೊಮ್ಮೆ ತೆಗೆಯಿರಿ.

ಹತ್ತಿರದ ಎರಡು ಬಿಂದುಗಳಿಂದ ಸ್ಲೋಪ್ ತೆಗೆಯಬೇಡಿ. ಕಣ್ಣಳತೆಯಲ್ಲಿ ಪ್ರತಿ ಎತ್ತರ 0.01ರಷ್ಟು ಆಚೀಚೆ ಆಗುತ್ತದೆ ಅನ್ನಿ. 0.2 ನಿಮಿಷದ ಅಂತರದಲ್ಲಿ ಸ್ಲೋಪ್ 0.1ರವರೆಗೂ ತಪ್ಪಬಹುದು, ಅಂದರೆ ಮೊದಲ ತುಂಡಿನ ಡೆನ್ಸಿಟಿಯಷ್ಟೇ ತಪ್ಪು. ಇಡೀ ನೆಟ್ಟಗಿನ ತುಂಡನ್ನೇ ಬಳಸಿ.

"ಡೆನ್ಸಿಟಿ ಗ್ರಾಫಿನ ಕೆಳಗಿನ ಕ್ಷೇತ್ರಫಲ ಒಂದು ಬಂತ್ರಿ ಸರ್, ಅಂದ್ರ ಕರೆಕ್ಟ್ ಅಲ್ರೀ?" ಅಂದ. ಅವನು 5ರ ಮೂಲೆಯನ್ನು 0.75 ಅಂತ ಓದಿದ್ದ. ನಡುವಿನ ಸ್ಲೋಪ್ 0.183, ಕೊನೆಯದು 0.0625. ಒಟ್ಟು ಕ್ಷೇತ್ರಫಲ ಆಗಲೂ ಒಂದೇ! ಬರಲೇಬೇಕು, ಯಾಕೆಂದರೆ ಆ ತುಂಡುಗಳೆಲ್ಲ ಸೊನ್ನೆಯಿಂದ ಒಂದರವರೆಗಿನ ಏರಿಕೆಯನ್ನೇ ಹಂಚಿಕೊಂಡವು. ಕೂಡುವುದರಲ್ಲಿ ತಪ್ಪಿದ್ದರೆ ಈ ಪರೀಕ್ಷೆಗೆ ಸಿಗುತ್ತದೆ, ಓದುವುದರಲ್ಲಿ ತಪ್ಪಿದ್ದರೆ ಸಿಗುವುದಿಲ್ಲ.

ಅದಕ್ಕೇ ಲೆಕ್ಕಕ್ಕೆ ಬಳಸದ ಒಂದು ಬಿಂದು ನೋಡು ಅಂದೆ. 3.5ನೇ ನಿಮಿಷದಲ್ಲಿ ಅವನ ಲೆಕ್ಕ 0.475 ಕೊಡುತ್ತಿತ್ತು. ಫೋಟೊ ದೊಡ್ಡದು ಮಾಡಿ ನೋಡಿದ. ಗೆರೆ 0.5ರ ಮೇಲೇ ಕೂತಿತ್ತು. ಸ್ವಲ್ಪ ಹೊತ್ತು ಸುಮ್ನಿದ್ದು, "5ರ ಮ್ಯಾಲೆ ನನ್ನ ಬೆರಳಿನ ನೆರಳು ಬಿದ್ದಿತ್ರಿ" ಅಂತ ಮೆಸೇಜ್ ಹಾಕಿದ.