ಸೀಕೋ 6139: ವಯಸ್ಸು ಓದುವುದು, ಬದಲಾದ ಭಾಗ ಹಿಡಿಯುವುದು

ಸೀಕೋ 6139 ಅಂದರೆ 1969ರಲ್ಲಿ ಬಂದ ಆಟೊಮ್ಯಾಟಿಕ್ ಕ್ರೋನೋಗ್ರಾಫ್, ಅಂದರೆ ಕೈಯ ಅಲುಗಾಟದಿಂದಲೇ ಕೀಲಿ ಪಡೆಯುವ, ಸ್ಟಾಪ್‌ವಾಚ್ ಇರುವ ಕೈಗಡಿಯಾರ. ಗಗನಯಾತ್ರಿ ವಿಲಿಯಂ ಪೋಗ್ 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದಾಗ ಇದರ ಹಳದಿ ಡಯಲಿನ ವಾಚ್ ಜೊತೆಗಿತ್ತು. ಅದಕ್ಕೇ ಬೇಡಿಕೆ ಜಾಸ್ತಿ. ಹೊಸ ಡಯಲ್ ಕೂರಿಸಿ ಮಾರುವವರೂ ಜಾಸ್ತಿ.

ಮೊದಲು ವಾಚ್ ತಿರುಗಿಸಿ ಹಿಂದಿನ ಮುಚ್ಚಳ ನೋಡಿ. ಅಲ್ಲಿ 6139-6002 ಎಂದು ಇದೆ ಅಂದುಕೊಳ್ಳಿ. 6139 ಒಳಗಿನ ಯಂತ್ರದ ಸಂಖ್ಯೆ, 6002 ಕೇಸಿನದು, ಅಂದರೆ ಹೊರಕವಚದ್ದು. ಪಕ್ಕದಲ್ಲಿ ಆರು ಅಕ್ಷರಗಳ ಸೀರಿಯಲ್ ಇರುತ್ತದೆ. ಅದು 3N ಎಂದು ಶುರುವಾದರೆ, 3 ವರ್ಷದ ಕೊನೆಯ ಅಂಕಿ, N ನವೆಂಬರ್. ಅಕ್ಟೋಬರ್‌ಗೆ O, ಡಿಸೆಂಬರ್‌ಗೆ D, ಉಳಿದ ತಿಂಗಳಿಗೆ 1ರಿಂದ 9. ದಶಕ ಮಾತ್ರ ಸೀರಿಯಲ್‌ನಲ್ಲಿ ಇಲ್ಲ. 1963ರಲ್ಲಿ ಈ ಯಂತ್ರವೇ ಇರಲಿಲ್ಲ, 1983ರ ಹೊತ್ತಿಗೆ ನಿಂತುಹೋಗಿತ್ತು. ಹಾಗಾಗಿ ಇದು 1973ರ ನವೆಂಬರ್.

ಈಗ ಡಯಲ್. ನಮ್ಮ ವಾಚಿನ ಡಯಲ್ ಮೇಲೆ ‘ವಾಟರ್ 70 ಮೀ ಪ್ರೂಫ್’ ಎಂದು ಬರೆದಿದ್ದರೆ ಅಲ್ಲೇ ನಿಲ್ಲಿ. ಸುಮಾರು 1970ರಲ್ಲೇ ಸೀಕೋ ‘ಪ್ರೂಫ್’ ಬಿಟ್ಟು ‘ರೆಸಿಸ್ಟ್’ ಎಂದು ಬರೆಯತೊಡಗಿತ್ತು. 1973ರ ಮುಚ್ಚಳಕ್ಕೆ ಪ್ರೂಫ್ ಡಯಲ್ ಒಪ್ಪುವುದಿಲ್ಲ. ಒಂದೋ ಡಯಲ್ ಬೇರೆ ವಾಚಿನದು, ಇಲ್ಲವೇ ಮುಚ್ಚಳ.

ಡಯಲಿನ ಕೆಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 6139-6009T ಎಂಬಂಥ ಕೋಡ್ ಇರುತ್ತದೆ. ಮುಚ್ಚಳದಲ್ಲಿ 6002, ಇಲ್ಲಿ 6009 ಅಂತ ಗಾಬರಿಯಾಗಬೇಡಿ. ಡಯಲಿಗೆ ತನ್ನದೇ ಸಂಖ್ಯೆ, ಆ ಜೋಡಿ ಸರಿಯೇ. ಮೊದಲ ನಾಲ್ಕು ಅಂಕಿ ಮಾತ್ರ ಯಂತ್ರಕ್ಕೆ ಹೊಂದಬೇಕು. ಕೋಡೇ ಇಲ್ಲದಿದ್ದರೆ, ಅಥವಾ ಲೆನ್ಸ್ ಹಿಡಿದಾಗ ಅಕ್ಷರದ ಅಂಚು ಹರಡಿಕೊಂಡಂತೆ ಕಂಡರೆ, ಮತ್ತೆ ಪ್ರಿಂಟ್ ಮಾಡಿದ್ದೆಂದು ಅನುಮಾನಿಸಿ. ನನ್ನ ಪ್ರಕಾರ ಬೆಲೆ ಅತಿ ಹೆಚ್ಚು ಇಳಿಯುವುದು ಇಲ್ಲಿಯೇ. ಬಣ್ಣ ಮಾಸಿದ ಅಸಲಿ ಡಯಲ್, ಫಳಫಳ ಹೊಳೆಯುವ ನಕಲಿಗಿಂತ ಎಷ್ಟೋ ಮೇಲು.

ಮುಳ್ಳುಗಳನ್ನು ಕತ್ತಲಲ್ಲಿ ನೋಡಿ. ಐವತ್ತು ವರ್ಷದ ಹೊಳಪಿನ ಬಣ್ಣ ಈಗ ಹೆಚ್ಚುಕಡಿಮೆ ಸತ್ತಿರುತ್ತದೆ. ಡಯಲಿನ ಗುರುತುಗಳು ಮಂಕಾಗಿದ್ದು ಮುಳ್ಳು ಮಾತ್ರ ಹಸಿರಾಗಿ ಹೊಳೆದರೆ, ಮುಳ್ಳು ಹೊಸದು ಅಥವಾ ಬಣ್ಣ ಹೊಸದು.

ಕೇಸ್ ಪಾಲಿಶ್ ಆಗಿದ್ದರೆ ಅಂಚು ದುಂಡಗಾಗಿರುತ್ತದೆ. ಮೇಲಿನ ಗೆರೆಗೆರೆ ಭಾಗಕ್ಕೂ ಪಕ್ಕದ ನುಣುಪು ಭಾಗಕ್ಕೂ ನಡುವಿನ ಚೂಪು ಗೆರೆ ಅಳಿಸಿಹೋಗಿರುತ್ತದೆ. ಇನ್ನೊಂದು ಮಾತು: ಸೀರಿಯಲ್ ಇರುವುದು ತಿರುಗಿಸಿ ಬಿಚ್ಚಬಹುದಾದ ಮುಚ್ಚಳದ ಮೇಲೆ. ಅದನ್ನು ಬೇರೆ ವಾಚಿನಿಂದ ತಂದು ಹಾಕುವುದು ಎರಡು ನಿಮಿಷದ ಕೆಲಸ. ಆದ್ದರಿಂದ ರಿಪೇರಿಯವರಿಂದ ಮುಚ್ಚಳ ತೆಗೆಸಿ, ಒಳಗೆ ಯಂತ್ರದ ಮೇಲೆ 6139 ಎಂದೇ ಇದೆಯಾ ಅಂತ ಕಣ್ಣಾರೆ ನೋಡಿದ ಮೇಲೆಯೇ ಬೆಲೆ ಮಾತಾಡಿ.