ಸಾಲದ ದಿನ ಯಾವ ತಿಂಗಳಿನದು?

ನೇಮಕಾತಿ ಅರ್ಜಿಯಲ್ಲಿ ನಿಗದಿತ ದಿನಾಂಕಕ್ಕೆ ಅಭ್ಯರ್ಥಿಯ ವಯಸ್ಸನ್ನು ವರ್ಷ, ತಿಂಗಳು, ದಿನ ಎಂದು ಮೂರು ಖಾನೆಗಳಲ್ಲಿ ಬರೆಯಬೇಕಾಗುತ್ತದೆ. ಅರ್ಜಿ ಪರಿಶೀಲಿಸುವ ನಮಗೆ ಸಿಗುವ ತಪ್ಪುಗಳಲ್ಲಿ ಹೆಚ್ಚಿನವು ದಿನದ ಖಾನೆಯವು. ವರ್ಷ, ತಿಂಗಳು ಸರಿಯಾಗಿಯೇ ಇರುತ್ತವೆ.

ಹುಟ್ಟಿದ್ದು 27-11-1998, ವಯಸ್ಸು ಬೇಕಿರುವುದು 15-03-2024ಕ್ಕೆ ಎಂದಿಟ್ಟುಕೊಳ್ಳಿ. ಲೆಕ್ಕ ದಿನದಿಂದ ಶುರು. 15ರಲ್ಲಿ 27 ಹೋಗುವುದಿಲ್ಲ, ಒಂದು ತಿಂಗಳು ಸಾಲ ಬೇಕು. ಎಷ್ಟೋ ಜನ ಇಲ್ಲಿ ಕಣ್ಣು ಮುಚ್ಚಿ 30 ಸೇರಿಸಿ 18 ದಿನ ಎಂದು ಬರೆಯುತ್ತಾರೆ. ಮಾರ್ಚ್‌ನದೇ 31 ಹಿಡಿದರೆ 19 ಬರುತ್ತದೆ. ಎರಡೂ ತಪ್ಪು.

ಕೊನೆಯ ತಿಂಗಳು ಪೂರ್ತಿಯಾದದ್ದು ಫೆಬ್ರುವರಿ 27ಕ್ಕೆ. ಮಿಕ್ಕ ದಿನಗಳು ಅಲ್ಲಿಂದ ಮಾರ್ಚ್ 15ರವರೆಗಿನವು, ಅಂದರೆ ಫೆಬ್ರುವರಿಯ ಕೊನೆಯನ್ನು ದಾಟಿ ಬಂದವು. ಆದ್ದರಿಂದ ಸಾಲ ಕೊಡಬೇಕಾದದ್ದು ಫೆಬ್ರುವರಿಯೇ. 2024 ಅಧಿಕ ವರ್ಷ, ಅದಕ್ಕೆ 29 ದಿನ. 15ಕ್ಕೆ 29 ಸೇರಿದರೆ 44, ಅದರಲ್ಲಿ 27 ಕಳೆದರೆ 17 ದಿನ. ಸಾಲ ಕೊಟ್ಟ ಮೇಲೆ ತಿಂಗಳ ಜಾಗದಲ್ಲಿ ಉಳಿದದ್ದು 2. ಅದರಲ್ಲಿ 11 ಹೋಗದು, ವರ್ಷದಿಂದ 12 ತಂದರೆ 14, ಕಳೆದರೆ 3 ತಿಂಗಳು. 2023ರಲ್ಲಿ 1998 ಹೋದರೆ 25. ಒಟ್ಟು 25 ವರ್ಷ, 3 ತಿಂಗಳು, 17 ದಿನ.

ತಾಳೆ ನೋಡಲು ಹುಟ್ಟಿದ ದಿನದಿಂದ ಮುಂದಕ್ಕೆ ನಡೆಯಿರಿ. 25 ವರ್ಷ 3 ತಿಂಗಳಿಗೆ 27-02-2024 ಬರುತ್ತದೆ. ಅಲ್ಲಿಂದ 29ಕ್ಕೆ 2 ದಿನ, ಮಾರ್ಚ್ 15ಕ್ಕೆ ಇನ್ನು 15. ಹದಿನೇಳೇ.

ಈ ವಿಧಾನ ಕೈಕೊಡುವುದು ತಿಂಗಳ ಕೊನೆಯಲ್ಲಿ ಹುಟ್ಟಿದವರ ವಿಷಯದಲ್ಲಿ. 31-01-1999ಕ್ಕೆ ಹುಟ್ಟಿದವರ ವಯಸ್ಸನ್ನು 01-03-2023ಕ್ಕೆ ತೆಗೆಯಿರಿ. 1ಕ್ಕೆ ಫೆಬ್ರುವರಿಯ 28 ಸೇರಿಸಿದರೂ 29, ಅದರಲ್ಲಿ 31 ಹೋಗುವುದಿಲ್ಲ. ಎಕ್ಸೆಲ್‌ನ `DATEDIF`ಗೆ `"md"` ಕೊಟ್ಟರೂ ಇಂಥಲ್ಲಿ ಋಣ ಸಂಖ್ಯೆ ಬರಬಹುದೆಂದು ಮೈಕ್ರೋಸಾಫ್ಟ್ ಕಂಪನಿಯೇ ಎಚ್ಚರಿಸಿದೆ. ಫೆಬ್ರುವರಿ 28ಕ್ಕೇ ತಿಂಗಳು ತುಂಬಿತೆಂದರೆ 24 ವರ್ಷ, 1 ತಿಂಗಳು, 1 ದಿನ. ಜನವರಿಯಿಂದ ಇನ್ನೊಂದು ಸಾಲ ತಂದರೆ 24 ವರ್ಷ, 29 ದಿನ. ಎರಡೂ ಅಷ್ಟೇ ದಿನಗಳು, ಹಂಚಿಕೆ ಮಾತ್ರ ಬೇರೆ. ನಾನು ಮೊದಲನೆಯದನ್ನು ಒಪ್ಪುತ್ತೇನೆ.

ಇನ್ನೊಂದು ಕಡೆ ಕಾಗದದ ಲೆಕ್ಕಕ್ಕೂ ಕಾನೂನಿಗೂ ಒಂದು ದಿನದ ಅಂತರವಿದೆ. 01-06-1965ರಲ್ಲಿ ಹುಟ್ಟಿದ ರಾಜ್ಯ ಸರ್ಕಾರಿ ನೌಕರರಿಗೆ 31-05-2025ಕ್ಕೆ ಕಳೆದು ನೋಡಿದರೆ 59 ವರ್ಷ, 11 ತಿಂಗಳು, 30 ದಿನ. ಆದರೆ ಹುಟ್ಟಿದ ದಿನವನ್ನೂ ಪೂರ್ತಿ ಒಂದು ದಿನವೆಂದು ಎಣಿಸುವುದರಿಂದ, ಕಾನೂನಿನ ಲೆಕ್ಕದಲ್ಲಿ ಅವರಿಗೆ ಅಂದೇ 60 ತುಂಬುತ್ತದೆ. ನಿವೃತ್ತಿ 60 ತುಂಬಿದ ತಿಂಗಳ ಕೊನೆಯ ದಿನ. ಹಾಗಾಗಿ ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ, ಎರಡನೇ ತಾರೀಖಿನವರಿಗೆ ಹುಟ್ಟಿದ ತಿಂಗಳು ಪೂರ್ತಿ ಸೇವೆ ಸಿಗುತ್ತದೆ.