ಶೇ. 65 ಆಫ್ ಎಂದ ಮಿಕ್ಸಿ

ಹೋದ ಹಬ್ಬದ ಸೇಲ್ ಸಮಯದಲ್ಲಿ ತಂಗಿ ವಾಟ್ಸಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಮೂರು ಜಾರಿನ 750 ವ್ಯಾಟ್ ಮಿಕ್ಸಿ. ₹5,999ಕ್ಕೆ ಗೆರೆ ಹೊಡೆದಿತ್ತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ₹2,099, ಹಸಿರು ಬಣ್ಣದಲ್ಲಿ ಶೇ. 65 ಆಫ್, ಹೆಸರಿನ ಕೆಳಗೆ 4.3 ಸ್ಟಾರ್. ‘ಅಣ್ಣಾ, ತಗೊಳ್ಲಾ? ಇವತ್ತು ರಾತ್ರಿಗೆ ಮುಗಿಯುತ್ತಂತೆ.’

ನಾನು ಕೆಲವು ವರ್ಷ ಅಂಗಡಿಯವರ ಸಾಮಾನನ್ನು ಆನ್‌ಲೈನ್‌ಗೆ ಏರಿಸುವ ಕೆಲಸ ಮಾಡಿದವನು. ಏರಿಸುವಾಗ ಬೆಲೆಗೆ ಎರಡು ಖಾನೆ ಇರುತ್ತವೆ. ಒಂದರಲ್ಲಿ ಎಂಆರ್‌ಪಿ, ಇನ್ನೊಂದರಲ್ಲಿ ಮಾರುವ ಬೆಲೆ. ಎರಡನ್ನೂ ತುಂಬುವವನು ಮಾರುವವನೇ. ಶೇಕಡಾ ಎಷ್ಟು ಅನ್ನುವುದನ್ನು ಆ್ಯಪ್ ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಹಾಗಾಗಿ ಶೇ. 65 ಎನ್ನುವುದು ಹೊಸ ಸುದ್ದಿಯೇನಲ್ಲ. ಗೆರೆ ಹೊಡೆದ ಬೆಲೆಯನ್ನೇ ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದಂತೆ. ಆ ಬೆಲೆ ಸುಳ್ಳಾದರೆ ಶೇಕಡಾವೂ ಸುಳ್ಳು.

ಹಾಗಾದರೆ ನೋಡಬೇಕಾದದ್ದು ₹5,999 ಎಲ್ಲಿಂದ ಬಂತು ಅಂತ. ‘ಅದೇ ಮಾಡೆಲ್ ನಂಬರ್ ಹಾಕಿ ಬೇರೆ ಸೆಲ್ಲರ್ ಹತ್ತಿರ ಹುಡುಕು’ ಎಂದೆ. ಹೆಸರು ಹಾಕಿದರೆ ಸಾಲದು, ಒಂದೇ ಕಂಪನಿಯ ಹತ್ತು ಮಿಕ್ಸಿಗಳು ಒಂದೇ ಥರ ಕಾಣುತ್ತವೆ. ಐದು ನಿಮಿಷದಲ್ಲಿ ಎರಡನೇ ಸ್ಕ್ರೀನ್‌ಶಾಟ್ ಬಂತು. ಅದೇ ಮಾಡೆಲ್, ಅದೇ ಬಣ್ಣ. ಗೆರೆ ಹೊಡೆದದ್ದು ₹3,495, ಮಾರುವ ಬೆಲೆ ₹2,149, ಶೇ. 38 ಆಫ್.

ಒಂದೇ ಡಬ್ಬಕ್ಕೆ ಎರಡು ಎಂಆರ್‌ಪಿ! ಎಂಆರ್‌ಪಿ ಅನ್ನುವುದು ಮಾರುವವನು ಇಷ್ಟ ಬಂದಂತೆ ಬರೆಯುವ ಅಂಕಿಯಲ್ಲ. ಪ್ಯಾಕ್ ಮಾಡಿದ ಸಾಮಾನುಗಳ 2011ರ ನಿಯಮದ ಪ್ರಕಾರ, ಎಲ್ಲ ತೆರಿಗೆ ಸೇರಿಸಿ ಅದು ಡಬ್ಬದ ಮೇಲೆ ಅಚ್ಚಾಗಿರಬೇಕು. ಆನ್‌ಲೈನ್‌ನಲ್ಲಿಯೂ ಅದನ್ನೇ ತೋರಿಸಬೇಕು. ಹಳೆ ಸ್ಟಾಕು, ಹೊಸ ಸ್ಟಾಕು ಅಂತ ನೂರಿನ್ನೂರು ಹೆಚ್ಚುಕಡಿಮೆ ಆದರೆ ಒಪ್ಪೋಣ. ಎರಡೂವರೆ ಸಾವಿರ ಹೇಗೆ? ತಯಾರಕರ ಸೈಟಿನಲ್ಲಿ ನೋಡಿದರೆ ₹3,495 ಎಂದೇ ಇತ್ತು. ಎರಡನೇ ಸೆಲ್ಲರ್ ಹಾಕಿದ್ದ ಫೋಟೋಗಳಲ್ಲಿ ಡಬ್ಬದ ಹಿಂಭಾಗವೂ ಇತ್ತು. ಹಿಗ್ಗಿಸಿ ನೋಡಿದೆವು, ಅಲ್ಲಿಯೂ ಅದೇ ಅಂಕಿ.

ಈಗ ಲೆಕ್ಕ ಹೊಸದಾಗಿ ಹಾಕಿ. ₹3,495ರಿಂದ ₹2,099ಕ್ಕೆ ಇಳಿದರೆ ಸುಮಾರು ಶೇ. 40. ಅದೂ ಕಾಗದದ ಮೇಲೆ ಮಾತ್ರ. ಆ ಮಾಡೆಲನ್ನು ಉಳಿದವರೂ ₹2,150ರ ಆಸುಪಾಸಿನಲ್ಲಿಯೇ ಮಾರುತ್ತಿದ್ದರು. ಅಂದರೆ ತಂಗಿಗೆ ಉಳಿಯುವುದು ಐವತ್ತು ರೂಪಾಯಿ! ಅಂದಹಾಗೆ, ಮಿಕ್ಸಿಯಂಥ ಸಾಮಾನಿಗೆ ಎಂಆರ್‌ಪಿ ಇಷ್ಟೇ ಇರಬೇಕೆಂದು ಯಾರೂ ಮಿತಿ ಹಾಕಿಲ್ಲ. ಹೆಸರೇ ಕೇಳದ ಬ್ರ್ಯಾಂಡಾದರೆ ಡಬ್ಬದ ಮೇಲೇ ₹9,999 ಅಚ್ಚು ಹಾಕಿ ₹1,499ಕ್ಕೆ ಮಾರಬಹುದು. ಅಂಥದ್ದರಲ್ಲಿ ಗೆರೆ ಹೊಡೆದ ಬೆಲೆಯನ್ನು ಕೈಯಿಂದ ಮುಚ್ಚಿಕೊಳ್ಳಿ. ಅಷ್ಟೇ ವ್ಯಾಟಿನ, ಗುರುತಿರುವ ಕಂಪನಿಯ ಮಿಕ್ಸಿ ಎಷ್ಟಕ್ಕೆ ಸಿಗುತ್ತದೆ ಅಂತ ಮಾತ್ರ ನೋಡಿ.

ಉಳಿದದ್ದು ಸ್ಟಾರ್. ‘4.3 ಇದೆಯಲ್ಲಣ್ಣ’ ಅಂದಳು. ಸಾಮಾನಿನ ಹೆಸರಿನ ಕೆಳಗಿರುವ ಸ್ಟಾರ್ ಮಿಕ್ಸಿಗೆ ಬಂದದ್ದು, ಮಾರುವವನಿಗೆ ಅಲ್ಲ. ಅದೇ ಮಿಕ್ಸಿಯನ್ನು ಬೇರೆ ಸೆಲ್ಲರ್‌ಗಳಿಂದ ಕೊಂಡವರು ಕೊಟ್ಟದ್ದೂ ಅದರಲ್ಲಿ ಸೇರಿರುತ್ತದೆ. ಮಾರುವವನ ರೇಟಿಂಗ್ ಬೇಕಾದರೆ ಇನ್ನೂ ಕೆಳಗೆ ಇಳಿದು, Sold by ಎಂದಿರುವಲ್ಲಿ ಅವನ ಹೆಸರು ಒತ್ತಬೇಕು. ಸ್ಕ್ರೀನ್‌ಶಾಟಿನಲ್ಲಿ ಹೆಚ್ಚಿನ ಸಲ ಆ ಭಾಗವೇ ಬಂದಿರುವುದಿಲ್ಲ. ಒತ್ತಿ ನೋಡಿದಾಗ ಮೊದಲನೆಯವನಿಗೆ 3.2, ಎರಡನೆಯವನಿಗೆ 4.4.

ಅಂಕಿಯ ಜೊತೆ ಎಷ್ಟು ಜನ ಕೊಟ್ಟದ್ದು ಅನ್ನುವುದೂ ಮುಖ್ಯ. ಒಂಬತ್ತು ಜನ ಐದೈದು ಸ್ಟಾರ್ ಕೊಟ್ಟರೆ 5.0. ಹತ್ತನೆಯವನು ಸಿಟ್ಟಿನಲ್ಲಿ ಒಂದು ಸ್ಟಾರ್ ಒತ್ತಿದರೆ ಒಮ್ಮೆಗೇ 4.6. ಒಂಬತ್ತು ಜನ ಅಂದರೆ ಅಣ್ಣ, ತಮ್ಮ, ಭಾವ ಸೇರಿದರೂ ಆಗಿಹೋಗುತ್ತದೆ ಅಲ್ವಾ? ಸಾವಿರಾರು ಜನ ಕೊಟ್ಟದ್ದು ಹಾಗೆ ಅಲುಗಾಡುವುದಿಲ್ಲ. ಮೊದಲನೆಯವನಿಗೂ ಸಾವಿರದ ಮೇಲೆ ರೇಟಿಂಗ್ ಬಂದಿತ್ತು. ಆದ್ದರಿಂದ ಆ 3.2 ಆಕಸ್ಮಿಕವಲ್ಲ. ಕಡಿಮೆ ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಅಂತ ಓದಿದೆವು. ಡಬ್ಬ ತೆರೆದಿತ್ತು, ಬಿಲ್ ಬರಲಿಲ್ಲ, ವಾಪಸ್ ತಗೊಳ್ಳಲು ಸತಾಯಿಸಿದರು. ನನಗೆ ಕುಟುಕಿದ್ದು ಬಿಲ್ಲಿನ ಮಾತು. ಮೋಟರ್ ಸುಟ್ಟ ದಿನ ಸರ್ವಿಸ್ ಸೆಂಟರಿನವರು ಮೊದಲು ಕೇಳುವುದೇ ಅದನ್ನು.

ತಂಗಿ ಎರಡನೆಯವನ ಹತ್ತಿರವೇ ಐವತ್ತು ರೂಪಾಯಿ ಜಾಸ್ತಿ ಕೊಟ್ಟು ತಗೊಂಡಳು. ರಾತ್ರಿಗೆ ಮುಗಿಯಬೇಕಿದ್ದ ಮೊದಲನೆಯವನ ಆಫರ್ ಮುಂದಿನ ವಾರ ತೆರೆದು ನೋಡಿದಾಗಲೂ ಹಾಗೇ ಇತ್ತು. ಗೆರೆ ಹೊಡೆದ ಬೆಲೆ ಮಾತ್ರ ₹6,499 ಆಗಿತ್ತು.